ಹದಿನಾರು ಮನೆಯ ಫೋಟೋ, ಕೂಡದ ಅನುಪಾತ: ಪನ್ನೆಟ್ ಚೌಕದಲ್ಲಿ ತಪ್ಪು ಹುಡುಕುವ ಕ್ರಮ

ತೊಂದರೆ ಹೀಗೆ ಕಾಣಿಸಿಕೊಳ್ಳುತ್ತದೆ. ಎರಡು ಗುಣಗಳ ಕ್ರಾಸ್ ಬಿಡಿಸಿದ ಪನ್ನೆಟ್ ಚೌಕದ ಫೋಟೋ ಫೋನಿನಲ್ಲಿದೆ. ಮನೆಗಳನ್ನು ಒಂದೊಂದಾಗಿ ಎಣಿಸಿದ್ದೂ ಆಗಿದೆ. ಆದರೆ 9:3:3:1 ಬರುವ ಕಡೆ 10:3:2:1 ಬರುತ್ತದೆ, ಇಲ್ಲವೇ 11:3:1:1. ಮತ್ತೆ ಎಣಿಸಿದರೂ ಅದೇ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಚೌಕವನ್ನು ಬದಿಗಿಟ್ಟು, ಬಾಯಿಪಾಠವಾಗಿರುವ 9:3:3:1 ಅನ್ನು ಬರೆದು ಮುಂದೆ ಹೋಗುವುದು. ಪ್ರಶ್ನೆಯಲ್ಲಿ ತಂದೆತಾಯಿ ಗಿಡ ಬೇರೆಯಾಗಿದ್ದರೆ ಆ ಉತ್ತರವೂ ತಪ್ಪು, ಮಾರ್ಕ್ಸೂ ಇಲ್ಲ.

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ದಾವಣಗೆರೆಯ ಹಾಸ್ಟೆಲ್, ಟ್ಯೂಷನ್ ಗುಂಪುಗಳಲ್ಲಿ ಓಡಾಡುವ ನೋಟ್ಸ್ ಫೋಟೋಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಹರಿಹರದ ಬಸ್ಸಿನಲ್ಲಿ ತೊಡೆಯ ಮೇಲೆ ಪುಸ್ತಕ ಇಟ್ಟು ಓರೆಯಾಗಿ ತೆಗೆದದ್ದು, ಟ್ಯೂಬ್‌ಲೈಟಿನ ಬಿಳಿ ಪಟ್ಟೆ ಬಿದ್ದದ್ದು, ಮಿರ್ಚಿ ಎಣ್ಣೆ ಸೋಕಿದ ಹಾಳೆ, ಎಲ್ಲವೂ ಇದರಲ್ಲಿ ಸೇರಿವೆ. ಇಂಥ ಫೋಟೋದಿಂದಲೂ ಸರಿ ಉತ್ತರ ತೆಗೆಯಬಹುದು. ಪನ್ನೆಟ್ ಚೌಕದಲ್ಲಿ ಯಾವ ಮನೆಯೂ ಸ್ವತಂತ್ರವಲ್ಲ. ಪ್ರತಿ ಮನೆಯೂ ತನ್ನ ಮೇಲಿನ ಅಂಚಿಗೆ ಮತ್ತು ಎಡ ಅಂಚಿಗೆ ಲೆಕ್ಕ ಕೊಡಬೇಕು. ಆದ್ದರಿಂದ ಒಂದು ಮನೆ ಅಳಿಸಿಹೋದರೂ ಉಳಿದವು ಅದನ್ನು ಹೇಳಿಬಿಡುತ್ತವೆ.

ಉದಾಹರಣೆಗೆ ಮೆಂಡೆಲ್‌ನ ಬಟಾಣಿಯನ್ನೇ ಇಟ್ಟುಕೊಳ್ಳೋಣ. ದುಂಡು ಬೀಜ R, ಸುಕ್ಕು ಬೀಜ r. ಹಳದಿ Y, ಹಸಿರು y. ದೊಡ್ಡಕ್ಷರ ಪ್ರಬಲ. ಎರಡೂ ಕಡೆಯ ಗಿಡ RrYy ಆಗಿದ್ದರೆ ತಪ್ಪಿಲ್ಲದ ಚೌಕ ಹೀಗಿರುತ್ತದೆ:

```
       RY     Ry     rY     ry
RY    RRYY   RRYy   RrYY   RrYy
Ry    RRYy   RRyy   RrYy   Rryy
rY    RrYY   RrYy   rrYY   rrYy
ry    RrYy   Rryy   rrYy   rryy
```

ಮೊದಲು ಕೈಬರಹ ಗುರುತಿಸಿ

ಫೋಟೋದಿಂದ ಓದುವಾಗ ಆಗುವ ತಪ್ಪುಗಳಲ್ಲಿ ಬಹುಪಾಲು ದೊಡ್ಡಕ್ಷರ, ಸಣ್ಣಕ್ಷರದ ಗೊಂದಲ. Y ಮತ್ತು y ನಡುವೆ ಇರುವ ವ್ಯತ್ಯಾಸ ಒಂದು ಬಾಲ ಅಷ್ಟೇ. ಆ ಬಾಲ ಮನೆಯ ಕೆಳಗೆರೆಗೆ ತಾಗಿ ಗೆರೆಯೊಳಗೇ ಸೇರಿಹೋದರೆ ಸಣ್ಣ y ಕೂಡ ದೊಡ್ಡದರ ಹಾಗೆ ಕಾಣುತ್ತದೆ. r ಮತ್ತು R ಬೇರೆ ಆಕಾರದವು, ನಿಜ. ಆದರೆ ಅವಸರದಲ್ಲಿ ಬರೆದ r ಪಕ್ಕದಲ್ಲಿ ಬೇರೊಂದು ಗೀಟು ಬಿದ್ದರೆ R ಆಗಿಬಿಡುತ್ತದೆ.

ಹಾಗಾಗಿ ಎಣಿಸಲು ಹೊರಡುವ ಮುನ್ನ ಎರಡು ಮೂಲೆಗಳನ್ನು ಮಾತ್ರ ಝೂಮ್ ಮಾಡಿ ನೋಡಿ. ಮೇಲಿನ ಎಡಮೂಲೆ RRYY. ಅಲ್ಲಿ ನಾಲ್ಕೂ ದೊಡ್ಡಕ್ಷರ. ಕೆಳಗಿನ ಬಲಮೂಲೆ rryy. ಅಲ್ಲಿ ನಾಲ್ಕೂ ಸಣ್ಣಕ್ಷರ. ಬರೆದವರ ದೊಡ್ಡ Y ಹೇಗಿರುತ್ತದೆ, ಸಣ್ಣ y ಹೇಗಿರುತ್ತದೆ ಅನ್ನುವುದಕ್ಕೆ ಇವೆರಡೇ ಮಾದರಿ. ಅನುಮಾನದ ಮನೆಯ ಅಕ್ಷರವನ್ನು ನಿಮ್ಮ ಊಹೆಗೆ ಹೋಲಿಸಬೇಡಿ, ಈ ಮೂಲೆಗಳಿಗೆ ಹೋಲಿಸಿ. ಕೆಲವರು ದೊಡ್ಡ Yಗೂ ಬಾಲ ಎಳೆಯುತ್ತಾರೆ. ಅಂಥವರ ಬರಹದಲ್ಲಿ ಎತ್ತರವೊಂದೇ ಗುರುತು, ಪಕ್ಕದ Rನಷ್ಟು ಎತ್ತರವಿದ್ದರೆ ದೊಡ್ಡದು. (ಕ್ರಾಸ್ ಬಿಡಿಸುವಾಗ C, S, V, W, O ಅಕ್ಷರಗಳನ್ನು ಆರಿಸಿಕೊಳ್ಳಲೇಬಾರದು. ಅವುಗಳ ಎರಡೂ ರೂಪಕ್ಕೆ ಗಾತ್ರ ಬಿಟ್ಟರೆ ಬೇರೆ ವ್ಯತ್ಯಾಸವೇ ಇಲ್ಲ. ಬರೆಯುವವರಿಗೆ ಗೊತ್ತಿರುತ್ತದೆ, ಓದುವವರ ಪಾಡು ಬೇರೆ.)

ಫೋಟೋ ಅಡ್ಡಡ್ಡವಾಗಿ ತಿರುಗಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಗಂಡು ಗ್ಯಾಮೀಟ್ ಮೇಲಿದ್ದರೂ ಪಕ್ಕದಲ್ಲಿದ್ದರೂ ಬಟಾಣಿಯ ಅನುಪಾತ ಬದಲಾಗುವುದಿಲ್ಲ. ವರ್ಣಾಂಧತೆಯಂಥ, X ಕ್ರೋಮೋಸೋಮಿನ ಮೇಲಿರುವ ಗುಣದ ಕ್ರಾಸ್ ಆಗಿದ್ದರೆ ಮಾತ್ರ ಯಾವ ಕಡೆ ತಾಯಿ, ಯಾವ ಕಡೆ ತಂದೆ ಎಂಬುದು ಉತ್ತರವನ್ನೇ ತಿರುಗಿಸುತ್ತದೆ.

10:3:2:1 ಬಂದಾಗ

ಒಂದು ಫೋಟೋದಲ್ಲಿ ಎಣಿಸಿದಾಗ ಹೀಗೆ ಬಂತು ಎಂದುಕೊಳ್ಳಿ: ದುಂಡು ಹಳದಿ 10, ದುಂಡು ಹಸಿರು 3, ಸುಕ್ಕು ಹಳದಿ 2, ಸುಕ್ಕು ಹಸಿರು 1. ಒಟ್ಟು 16, ಅಂದರೆ ಯಾವ ಮನೆಯೂ ಬಿಟ್ಟುಹೋಗಿಲ್ಲ, ಎರಡು ಸಲ ಎಣಿಕೆಯಾಗಿಲ್ಲ. ಇಲ್ಲಿಂದ ಹದಿನಾರು ಮನೆಗಳನ್ನೂ ಮತ್ತೆ ನೋಡುತ್ತ ಕೂರಬೇಕಿಲ್ಲ. ಅನುಪಾತವನ್ನು ಎರಡಾಗಿ ಒಡೆಯಿರಿ.

ಮೊದಲು ಬಣ್ಣವನ್ನು ಮರೆತು ಆಕಾರ ಮಾತ್ರ ನೋಡಿ. ದುಂಡು 10+3, ಅಂದರೆ 13. ಸುಕ್ಕು 2+1, ಅಂದರೆ 3. ಇರಬೇಕಾದದ್ದು 12 ಮತ್ತು 4, ಏಕೆಂದರೆ Rr × Rr ಒಂದನ್ನೇ ತೆಗೆದುಕೊಂಡರೆ 3:1. ಈಗ ಆಕಾರ ಮರೆತು ಬಣ್ಣ ನೋಡಿ. ಹಳದಿ 10+2, ಅಂದರೆ 12. ಹಸಿರು 3+1, ಅಂದರೆ 4. ಬಣ್ಣದ ಲೆಕ್ಕ ಸರಿಯಾಗಿದೆ. ಆದ್ದರಿಂದ Y, y ಓದುವುದರಲ್ಲಿ ತಪ್ಪಿಲ್ಲ. ಎಲ್ಲೋ ಒಂದು ಕಡೆ r ಅನ್ನು R ಎಂದು ಓದಿಯಾಗಿದೆ. ಸುಕ್ಕು ಹಳದಿಯಿಂದ ಒಂದು ಕಳೆದು ದುಂಡು ಹಳದಿಗೆ ಒಂದು ಸೇರಿದೆ.

ಇನ್ನು ಅನುಮಾನ ಪಡಬೇಕಾದ ಮನೆಗಳು ಎಷ್ಟು? ಸುಕ್ಕು ಹಳದಿ ಇರುವುದು ಮೂರೇ ಮನೆಯಲ್ಲಿ, ಆ ಮೂರೂ ಚೌಕದ ಕೆಳಗಿನ ಬಲಭಾಗದಲ್ಲೇ ಇವೆ. ಚೌಕವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿದರೆ ಮೇಲಿನ ಎಡಭಾಗದ ನಾಲ್ಕೂ ಮನೆ RR, ಕೆಳಗಿನ ಬಲಭಾಗದ ನಾಲ್ಕೂ ಮನೆ rr, ಉಳಿದ ಎರಡು ಭಾಗಗಳಲ್ಲಿ ಎಲ್ಲವೂ Rr. ಹಾಗಾಗಿ ನೋಡಬೇಕಾದದ್ದು ಮೂರನೇ ಸಾಲಿನ ಮೂರನೇ ಮನೆ, ಮೂರನೇ ಸಾಲಿನ ನಾಲ್ಕನೇ ಮನೆ, ನಾಲ್ಕನೇ ಸಾಲಿನ ಮೂರನೇ ಮನೆ, ಇಷ್ಟೇ.

ಇದರಲ್ಲೂ ಕೊನೆಯ ಎರಡು ಜೋಡಿ ಮನೆಗಳು. ಎಡಮೂಲೆಯಿಂದ ಬಲಮೂಲೆಗೆ ಹೋಗುವ ಕರ್ಣದ ಮೇಲೆ ಚೌಕವನ್ನು ಮಡಿಸಿದರೆ ಒಂದರ ಮೇಲೊಂದು ಕೂರುತ್ತವೆ, ಎರಡರಲ್ಲೂ ಒಂದೇ ಬರಹ ಇರಬೇಕು. ಎರಡನ್ನೂ rrYy ಎಂದೇ ಓದಿದ್ದರೆ ಅವು ನಿರ್ದೋಷಿ. ಉಳಿದದ್ದು ಮೂರನೇ ಸಾಲಿನ ಮೂರನೇ ಮನೆ. ಅದನ್ನು RrYY ಎಂದು ಓದಿರುತ್ತೀರಿ. ಅದರ ಮೇಲಿನ ಅಂಚಿನಲ್ಲಿ rY, ಎಡ ಅಂಚಿನಲ್ಲೂ rY. ಎರಡು ಕಡೆಯಿಂದಲೂ ಬರುವುದು r ಆಗಿರುವಾಗ ಆ ಮನೆಗೆ R ಬರಲು ದಾರಿಯೇ ಇಲ್ಲ. ಅದು rrYY.

ಹಾಗಾದರೆ R ಕಂಡದ್ದೇಕೆ? ಇಂಥ ಕಡೆ ಹಾಳೆಯನ್ನು ಸ್ವಲ್ಪ ಗಮನಿಸಿ. ಎಣ್ಣೆ ಬಿದ್ದ ಜಾಗದಲ್ಲಿ ಕಾಗದ ಪಾರದರ್ಶಕವಾಗುತ್ತದೆ. ಹಿಂಬದಿಯಲ್ಲಿ ಬರೆದ ಗೀಟು ಮುಂದಕ್ಕೆ ಮೂಡುತ್ತದೆ. ಕಣ್ಣೆದುರು ಹಾಳೆ ಇದ್ದಾಗ ಅದು ಮಸುಕು ಗೀಟು ಎಂದು ತಿಳಿಯುತ್ತದೆ. ವಾಟ್ಸಾಪಿನಲ್ಲಿ ಫೋಟೋ ಕುಗ್ಗಿ ಬಂದ ಮೇಲೆ ಮಸುಕು ಗೀಟು, ನಿಜವಾದ ಗೀಟು ಒಂದೇ ಆಗಿಬಿಡುತ್ತವೆ, r ಪಕ್ಕಕ್ಕೆ ಒಂದು ಕಾಲು ಬಂದು R ಆಗುತ್ತದೆ. ಹಾಳೆ ಇಟ್ಟುಕೊಂಡಿರುವವರು ಕೆಳಗೊಂದು ಕಪ್ಪು ರಟ್ಟು ಇಟ್ಟು ಮತ್ತೆ ಫೋಟೋ ತೆಗೆದರೆ ಹಿಂಬದಿಯ ಬರಹ ಬಹಳಷ್ಟು ಮರೆಯಾಗುತ್ತದೆ. ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಕುಗ್ಗುವುದಿಲ್ಲ.

ಇದೇ ಕ್ರಮ ಬಣ್ಣದ ತಪ್ಪಿಗೂ ಆಗುತ್ತದೆ. 8:4:3:1 ಬಂದರೆ ಒಡೆದು ನೋಡಿ: ದುಂಡು 12, ಸುಕ್ಕು 4, ಅದು ಸರಿ. ಹಳದಿ 11, ಹಸಿರು 5, ಅಲ್ಲಿ ತಪ್ಪಿದೆ. ಒಂದು ದುಂಡು ಹಳದಿ ಮನೆಯ Y ಅನ್ನು y ಎಂದು ಓದಿದ್ದೀರಿ. ಒಂದೇ ಅಕ್ಷರ ತಪ್ಪಿ ಹಳದಿ ಹಸಿರಾಗಬೇಕಾದರೆ ಆ ಮನೆಯಲ್ಲಿ ಇದ್ದದ್ದೇ ಒಂದು Y, ಅಂದರೆ Yy ಇರುವ ಮನೆ. ಅಂಥ ದುಂಡು ಮನೆ ಆರು: RRYy ಎರಡು, RrYy ನಾಲ್ಕು. ಮೂರರ ಬದಲು ಆರು ಮನೆ ನೋಡಬೇಕು, ಅಷ್ಟೇ ವ್ಯತ್ಯಾಸ.

ಎರಡು ಹೆಚ್ಚುಕಡಿಮೆ ಆದರೆ ಅಂಚು ನೋಡಿ

11:3:1:1 ಬೇರೆ ಜಾತಿಯ ತಪ್ಪು. ಒಡೆದರೆ ದುಂಡು 14, ಸುಕ್ಕು 2. ಹಳದಿ 12, ಹಸಿರು 4. ಇಲ್ಲಿಯೂ ಆಕಾರವೇ ತಪ್ಪಿರುವುದು, ಆದರೆ ಎರಡು ಮನೆಯಷ್ಟು. ಎರಡು ಮನೆ ಒಟ್ಟಿಗೆ ತಪ್ಪಿದಾಗ ಮನೆಗಳನ್ನು ಹುಡುಕುವ ಮೊದಲು ಅಂಚಿನ ಗ್ಯಾಮೀಟ್ ನೋಡಿ. ಮೂರನೇ ಕಂಬಸಾಲಿನ ತಲೆಯ ಮೇಲಿದ್ದ rY ಅನ್ನು RY ಎಂದು ಓದಿ, ಅದರ ಕೆಳಗಿನ ಮನೆಗಳನ್ನು ತಾವೇ ತುಂಬಿಕೊಂಡರೆ ಆ ಸಾಲು RRYY, RRYy, RrYY, RrYy ಆಗುತ್ತದೆ. ನಾಲ್ಕೂ ದುಂಡು ಹಳದಿ. ಅಸಲಿಗೆ ಅಲ್ಲಿ ಎರಡು ದುಂಡು ಹಳದಿ, ಎರಡು ಸುಕ್ಕು ಹಳದಿ ಇರಬೇಕಿತ್ತು. ಎರಡು ಮನೆ ಒಂದೇ ಕಡೆಗೆ ವಾಲಿದ್ದು ಹೀಗೆ.

ಅಂಚಿನ ತಪ್ಪನ್ನು ಮನೆಗಳನ್ನು ನೋಡದೆಯೇ ಹಿಡಿಯಬಹುದು. RrYy ಗಿಡ ಕೊಡುವ ಗ್ಯಾಮೀಟ್ ನಾಲ್ಕು, ನಾಲ್ಕೂ ಬೇರೆ ಬೇರೆ: RY, Ry, rY, ry. ಅಂಚಿನಲ್ಲಿ ಒಂದೇ ಗ್ಯಾಮೀಟ್ ಎರಡು ಸಲ ಕಂಡರೆ ಎರಡರಲ್ಲಿ ಒಂದನ್ನು ತಪ್ಪಾಗಿ ಓದಿದ್ದೀರಿ, ಬಿಟ್ಟುಹೋದ ನಾಲ್ಕನೆಯದು ಯಾವುದೋ ಅದೇ ಸರಿ. ಅಂಚು ಬೆಳಕಿನ ಪಟ್ಟೆಯಲ್ಲಿ ಪೂರ್ತಿ ಮುಚ್ಚಿಹೋಗಿದ್ದರೂ ಚಿಂತೆಯಿಲ್ಲ. ಒಂದು ಕಂಬಸಾಲಿನ ನಾಲ್ಕೂ ಮನೆಗಳಲ್ಲಿ ತಪ್ಪದೆ ಬರುವ ಅಕ್ಷರಗಳೇ ಆ ಸಾಲಿನ ಗ್ಯಾಮೀಟ್. RrYY, RrYy, rrYY, rrYy ಇವುಗಳಲ್ಲಿ r ಮತ್ತು Y ಎಲ್ಲದರಲ್ಲೂ ಇವೆ, R ಆಗಲಿ y ಆಗಲಿ ಎಲ್ಲದರಲ್ಲೂ ಇಲ್ಲ. ಆದ್ದರಿಂದ ಅಂಚು rY.

ಕೆಲವು ನೋಟ್ಸುಗಳಲ್ಲಿ ಅಂಚಿನಲ್ಲೇ Rr, Yy ಎಂದು ಬರೆದಿರುತ್ತಾರೆ. ಅದು ಓದಿದವರ ತಪ್ಪಲ್ಲ, ಬರೆದವರದ್ದೇ. ಗ್ಯಾಮೀಟಿನಲ್ಲಿ ಪ್ರತಿ ಗುಣಕ್ಕೂ ಒಂದೊಂದೇ ಅಕ್ಷರ ಇರಬೇಕು. ಎಡಕ್ಕೂ ಮೇಲಕ್ಕೂ Rr, Yy ಇಟ್ಟ ಚೌಕದಲ್ಲಿ ನಾಲ್ಕೇ ಮನೆ ಇರುತ್ತವೆ, ಅವುಗಳಲ್ಲೊಂದು RrRr, ಇನ್ನೊಂದು YyYy. ಬಣ್ಣದ ಜೀನೇ ಇಲ್ಲದ ಬೀಜ, ಆಕಾರದ ಜೀನೇ ಇಲ್ಲದ ಬೀಜ! ಅಂಥ ಮನೆ ಕಂಡರೆ ಆ ಫೋಟೋ ರಿಪೇರಿಗೆ ಬರುವುದಿಲ್ಲ. ತಂದೆತಾಯಿಯಿಂದ ಶುರುಮಾಡಿ ಹೊಸ ಚೌಕ ಬರೆಯಿರಿ.

ಅರ್ಧ ಚೌಕದ ಬಲೆ

ಇದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಇಲ್ಲಿ ಲೆಕ್ಕ ಎಲ್ಲೂ ತಪ್ಪಿದಂತೆ ಕಾಣುವುದೇ ಇಲ್ಲ. ಚೌಕ ಪುಟದ ಕೊನೆಗೆ ಬಂದಿದೆ, ಫೋಟೋ ತೆಗೆದವರು ಮೇಲಿನ ಅಂಚು ಮತ್ತು ಮೊದಲ ಎರಡು ಅಡ್ಡಸಾಲು ಮಾತ್ರ ಹಿಡಿದಿದ್ದಾರೆ. ಎಂಟು ಮನೆ, ಎಲ್ಲ ಸ್ಪಷ್ಟ. ಎಣಿಸಿದರೆ ಎಂಟೂ ದುಂಡು. ಹಳದಿ 6, ಹಸಿರು 2. ಉತ್ತರ 3:1 ಎಂದು ಸಲೀಸಾಗಿ ಬರೆದುಬಿಡಬಹುದು.

ತೊಂದರೆಯೆಂದರೆ ಈ ಎಂಟು ಮನೆ RrYy × RRYy ಎಂಬ ಇನ್ನೊಂದು ಕ್ರಾಸಿನ ಪೂರ್ತಿ ಚೌಕವೂ ಹೌದು. RRYy ಗಿಡ ಕೊಡುವುದು RY, Ry ಎಂಬ ಎರಡೇ ಗ್ಯಾಮೀಟ್, ಎರಡೇ ಅಡ್ಡಸಾಲು ಸಾಕು. ಆ ಕ್ರಾಸಿಗೆ 3:1 ಸರಿಯಾದ ಉತ್ತರ. ಅಂದರೆ ಮನೆಗಳನ್ನು ಎಷ್ಟು ದಿಟ್ಟಿಸಿದರೂ ಇದು ಅರ್ಧ ಚೌಕವೋ ಪೂರ್ತಿ ಚೌಕವೋ ಎಂದು ಫೋಟೋ ಹೇಳುವುದಿಲ್ಲ.

ಇದಕ್ಕೆ ಉತ್ತರ ಚೌಕದ ಹೊರಗಿದೆ. ಎಡ ಅಂಚಿನ ಗ್ಯಾಮೀಟ್‌ಗಳನ್ನು ಒಟ್ಟು ಮಾಡಿ ಗಿಡವನ್ನು ಮರಳಿ ಕಟ್ಟಿ: RY ಮತ್ತು Ry ಮಾತ್ರ ಇದ್ದರೆ ಗಿಡ RRYy. ಈಗ ಪ್ರಶ್ನೆಯ ಸಾಲನ್ನು ಓದಿ. ಅಲ್ಲಿ F1 ಗಿಡಗಳ ಸ್ವಪರಾಗಸ್ಪರ್ಶ ಎಂದೋ RrYy × RrYy ಎಂದೋ ಇದ್ದರೆ ಎಡ ಅಂಚಿನಲ್ಲಿ r ಇರಲೇಬೇಕಿತ್ತು; ಅದಿಲ್ಲ, ಹಾಗಾಗಿ ಕೆಳಗಿನ ಅರ್ಧ ಫೋಟೋದ ಹೊರಗೆ ಉಳಿದಿದೆ. ಪ್ರಶ್ನೆಯೂ ಫೋಟೋದಲ್ಲಿ ಇಲ್ಲದಿದ್ದರೆ ಕೆಳಗೆರೆ ನೋಡಿ: ಉದ್ದಗೆರೆಗಳು ಕೆಳಗೆರೆಯಲ್ಲಿ ನಿಂತಿವೆಯೋ, ಫೋಟೋದ ಅಂಚಿನವರೆಗೂ ಹರಿದುಹೋಗಿವೆಯೋ? ಹರಿದುಹೋಗಿದ್ದರೆ ಕಳಿಸಿದವರಿಂದ ಇನ್ನೊಂದು ಫೋಟೋ ಕೇಳುವುದೇ ಸರಿ.

ಕೆಳಗಿನ ಅರ್ಧ ಮಾತ್ರ ಬಂದಿದ್ದರೆ ಅದೂ ಹೀಗೇ, RrYy × rrYy ಎಂಬ ಕ್ರಾಸಿನ ವೇಷ ಹಾಕಿಕೊಂಡು ಬರುತ್ತದೆ, ಅನುಪಾತ 3:1:3:1. ಆದರೆ ಆಗ ಮೇಲಿನ ಅಂಚೇ ಇರುವುದಿಲ್ಲವಾದ್ದರಿಂದ ಕಳ್ಳ ಬೇಗ ಸಿಕ್ಕಿಬೀಳುತ್ತಾನೆ.

ಈ ಪರೀಕ್ಷೆಗೆ ಸಿಗದ ತಪ್ಪು

ಅನುಪಾತ ಒಡೆದು ನೋಡುವ ಕ್ರಮಕ್ಕೆ ಮಿತಿಯಿದೆ. RRYY ಅನ್ನು RrYY ಎಂದು ಓದಿದರೆ ಬೀಜ ಆಗಲೂ ದುಂಡು ಹಳದಿಯೇ, 9:3:3:1 ಕದಲುವುದಿಲ್ಲ. ಪ್ರಶ್ನೆ ಕೇಳಿದ್ದು ಫೀನೋಟೈಪ್ ಅನುಪಾತವಾದರೆ ಬಚಾವ್. ಜೀನೋಟೈಪ್ ಅನುಪಾತ ಕೇಳಿದ್ದರೆ ತಪ್ಪು ಒಳಗೇ ಉಳಿಯುತ್ತದೆ. ಆಗ ಎರಡು ಕರ್ಣಗಳನ್ನು ಓದಿ. ಎಡಮೂಲೆಯಿಂದ ಇಳಿಯುವ ಕರ್ಣದಲ್ಲಿ RRYY, RRyy, rrYY, rryy ಎಂಬ ನಾಲ್ಕು ಶುದ್ಧ ತಳಿಗಳು. ಬಲಮೂಲೆಯಿಂದ ಇಳಿಯುವ ಕರ್ಣದಲ್ಲಿ ನಾಲ್ಕಕ್ಕೆ ನಾಲ್ಕೂ RrYy. ಉಳಿದ ಎಂಟು ಮನೆ ಜೋಡಿಜೋಡಿಯಾಗಿ ಒಂದೇ ಇರಬೇಕು. ಇದಿಷ್ಟು ಸರಿಯಾದರೆ ಜೀನೋಟೈಪ್ ಅನುಪಾತ 1:2:1:2:4:2:1:2:1 ತಾನಾಗಿ ಬರುತ್ತದೆ.

ಈ ಕರ್ಣದ ಪರೀಕ್ಷೆ ನಡೆಯುವುದು ಎರಡೂ ಅಂಚುಗಳಲ್ಲಿ ಗ್ಯಾಮೀಟ್‌ಗಳನ್ನು RY, Ry, rY, ry ಎಂಬ ಕ್ರಮದಲ್ಲೇ ಬರೆದಿದ್ದರೆ. ಒಂದು ಅಂಚಿನಲ್ಲಿ Ry, rY ಅದಲುಬದಲಾಗಿದ್ದರೆ ಚೌಕ ಸರಿಯಿದ್ದೂ ಕರ್ಣ ಕೆಡುತ್ತದೆ. ಅದನ್ನು ತಪ್ಪೆಂದು ತಿದ್ದಲು ಹೋಗಬೇಡಿ, ಕ್ರಮ ಸರಿಪಡಿಸಿ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ.

ಇನ್ನೊಂದು, ಪರಸ್ಪರ ಮುಚ್ಚಿಕೊಳ್ಳುವ ಎರಡು ತಪ್ಪು. 10:2:2:2 ಬಂದರೆ ಒಡೆದಾಗ ಆಕಾರವೂ 12:4, ಬಣ್ಣವೂ 12:4. ಒಂದು ದುಂಡು ಹಸಿರನ್ನು ಹಳದಿಯೆಂದೂ ಒಂದು ಸುಕ್ಕು ಹಳದಿಯನ್ನು ಹಸಿರೆಂದೂ ಓದಿದರೆ ಹೀಗಾಗುತ್ತದೆ. ಇದೂ ಕರ್ಣ ಮತ್ತು ಜೋಡಿಮನೆಗಳ ಪರೀಕ್ಷೆಯಲ್ಲೇ ಸಿಗುವುದು.

ಅನುಪಾತ ಬರೆಯುವಾಗ

ಚೌಕ ಸರಿಯಾದ ಮೇಲೂ ಉತ್ತರ ಕೆಡುವುದುಂಟು. 9:3:3:1 ಎಂದಷ್ಟೇ ಬರೆದು ಯಾವ ಅಂಕೆ ಯಾವುದಕ್ಕೆ ಎಂದು ಹೇಳದಿದ್ದರೆ ಅದು ಅರ್ಧ ಉತ್ತರ. ದುಂಡು ಹಳದಿ 9 : ದುಂಡು ಹಸಿರು 3 : ಸುಕ್ಕು ಹಳದಿ 3 : ಸುಕ್ಕು ಹಸಿರು 1 ಎಂದು ಬರೆಯಬೇಕು. 3:1:3:1 ರಂಥ ಅನುಪಾತದಲ್ಲಿ ಇದು ಇನ್ನೂ ಮುಖ್ಯ, ಹೆಸರಿಲ್ಲದಿದ್ದರೆ ಯಾವ 3 ಯಾವುದೆಂದು ಯಾರಿಗೂ ತಿಳಿಯದು.

ಪ್ರಬಲ, ದುರ್ಬಲ ಯಾವುದೆಂಬುದು ಚೌಕದೊಳಗೆ ಬರೆದಿರುವುದಿಲ್ಲ, ಅದನ್ನು ಪ್ರಶ್ನೆಯಿಂದಲೇ ತರಬೇಕು. ಸಂಜೆಮಲ್ಲಿಗೆಯ ಕೆಂಪು, ಬಿಳಿ ಹೂವಿನ ಕ್ರಾಸಿನಲ್ಲಿ Rr ಗಿಡದ ಹೂ ನಸುಗೆಂಪು. ಅಲ್ಲಿ ನಾಲ್ಕು ಮನೆಯ ಚೌಕ ಬಟಾಣಿಯದ್ದರಂತೆಯೇ ಇದ್ದರೂ ಉತ್ತರ 3:1 ಅಲ್ಲ, ಕೆಂಪು 1 : ನಸುಗೆಂಪು 2 : ಬಿಳಿ 1.

ಅನುಪಾತವೆಂದರೆ ಎಣಿಕೆಯಲ್ಲ ಎಂಬುದನ್ನೂ ನೆನಪಿಡಿ. ಮೆಂಡೆಲ್ ಇದೇ ಕ್ರಾಸಿನಲ್ಲಿ ಪಡೆದ 556 ಬೀಜಗಳು 315, 108, 101, 32 ಎಂದು ಹಂಚಿಕೊಂಡಿದ್ದವು. ಲೆಕ್ಕದ ಪ್ರಕಾರ 312.75, 104.25, 104.25, 34.75 ಬರಬೇಕಿತ್ತು. ಪ್ರಶ್ನೆಯಲ್ಲಿ ಇಂಥ ಎಣಿಕೆ ಕೊಟ್ಟು ಅನುಪಾತ ಕೇಳಿದಾಗ ಕಾಲುಭಾಗ ಬೀಜಕ್ಕಾಗಿ ಚೌಕದಲ್ಲಿ ತಪ್ಪು ಹುಡುಕುವುದು ವ್ಯರ್ಥ. ನಮ್ಮ ಕಡೆ ಹೈಬ್ರಿಡ್ ಮೆಕ್ಕೆಜೋಳದ ತೆನೆಯನ್ನೇ ಬೀಜಕ್ಕಿಟ್ಟು ಮರುವರ್ಷ ಬಿತ್ತಿದವರಿಗೆ ಈ ಹಂಚಿಕೆ ಗೊತ್ತು. ಹೊಲದಲ್ಲಿ ಒಂದೊಂದು ಗಿಡ ಒಂದೊಂದು ಎತ್ತರ, ತೆನೆಯೂ ಒಂದೇ ಸಮ ಇರುವುದಿಲ್ಲ. ಅಲ್ಲಿ ಬೇರೆಯಾಗುವ ಜೀನ್ ಎರಡಲ್ಲ, ಬಹಳ, ಆದ್ದರಿಂದ ಹದಿನಾರು ಮನೆಯಲ್ಲಿ ಅದು ಹಿಡಿಸುವುದಿಲ್ಲ.

ಕೊನೆಗೆ, ಪದೇ ಪದೇ ಬೀಳುವ ಒಂದು ಗುಂಡಿ. "ದುಂಡು ಹಳದಿ ಬೀಜಗಳಲ್ಲಿ ಶುದ್ಧ ತಳಿಯ ಪಾಲೆಷ್ಟು?" ಎಂದು ಕೇಳಿದರೆ ಕೈ ತಾನಾಗಿ 1/16 ಎಂದು ಬರೆಯುತ್ತದೆ, ಏಕೆಂದರೆ ಚೌಕದಲ್ಲಿ RRYY ಒಂದೇ ಮನೆ. ಆದರೆ ಕೇಳಿದ್ದು ಹದಿನಾರರಲ್ಲಿ ಎಂದಲ್ಲ, ದುಂಡು ಹಳದಿಗಳಲ್ಲಿ ಎಂದು. ಫೋಟೋದ ಮೇಲೆಯೇ ಆ ಒಂಬತ್ತು ಮನೆಗೆ ಬೆರಳಿನಿಂದ ಸುತ್ತು ಹಾಕಿ, ಸುತ್ತಿನೊಳಗೆ RRYY ಎಷ್ಟಿದೆ ನೋಡಿ. ಉತ್ತರ 1/9.